ಹಿಂದಿ ಗ್ರಾಮರ್ ಎಕ್ಸರ್‌ಸೈಜ್ ತಿದ್ದೋದು: ಲಿಂಗ ಮತ್ತೆ ಕಾ-ಕೀ-ಕೇ, ನೇ, ಕೋ ತಪ್ಪುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೇಲಿ ಹಿಂದಿ ಟ್ಯೂಷನ್ ಮಾಡ್ತಾ, ಕನ್ನಡ ಮನೆಮಾತಿನ ಮಕ್ಕಳ ನೋಟ್‌ಬುಕ್ ತಿದ್ದಿ ತಿದ್ದಿ ಕೈಗೆ ಅಭ್ಯಾಸ ಆಗಿರೋ ವಿಷಯಗಳು ಇವು. ಅಪ್ಪ-ಅಮ್ಮಂದಿರು, ಹೊಸದಾಗಿ ಹಿಂದಿ ಕಲಿಸ್ತಿರೋ ಟೀಚರ್‌ಗಳು, ಪ್ರಾಥಮಿಕ್-ಮಧ್ಯಮಾ ಪರೀಕ್ಷೆ ಕಟ್ಟಿರೋ ದೊಡ್ಡವರು, ಎಲ್ಲರೂ ಹೆಚ್ಚುಕಮ್ಮಿ ಇದನ್ನೇ ಕೇಳ್ತಾರೆ. ಹಿಂದಿ ವಾಕ್ಯಗಳನ್ನ ಓದೋಕೆ ಸುಲಭ ಆಗ್ಲಿ ಅಂತ ಕನ್ನಡ ಲಿಪೀಲೇ ಬರೆದಿದೀನಿ.

ನಂಗೇ ಹಿಂದಿ ಅಷ್ಟಕ್ಕಷ್ಟೆ, ಮಗಳ ಎಕ್ಸರ್‌ಸೈಜ್ ನಾನು ತಿದ್ದಬಹುದಾ?

ಈ ಎರಡು ಥರದ ತಪ್ಪಿಗೆ ಖಂಡಿತ ತಿದ್ದಬಹುದು. ಪ್ರಬಂಧದ ಶೈಲಿ ಚೆನ್ನಾಗಿದ್ಯಾ ಅಂತ ಹೇಳೋಕೆ ಹಿಂದಿ ಚೆನ್ನಾಗಿ ಬರಬೇಕು, ಆದ್ರೆ ಲಿಂಗ ಮತ್ತೆ ವಿಭಕ್ತಿ ತಪ್ಪು ಹಿಡಿಯೋಕೆ ಒಂದು ಡಿಕ್ಷನರಿ, ಒಂದು ಪೆನ್ಸಿಲ್, ಸ್ವಲ್ಪ ತಾಳ್ಮೆ ಇದ್ರೆ ಸಾಕು. ಡಿಕ್ಷನರೀಲಿ ಪ್ರತಿ ನಾಮಪದದ ಮುಂದೆ ಪುಲ್ಲಿಂಗಾನೋ ಸ್ತ್ರೀಲಿಂಗಾನೋ ಅಂತ ಚಿಕ್ಕದಾಗಿ ಹಾಕಿರ್ತಾರೆ, ಅರ್ಥ ನೋಡಿ ಮುಚ್ಚಿಡೋ ಮುಂಚೆ ಅದನ್ನೂ ನೋಡಿ. ನಮ್ಮಲ್ಲಿ ಮುಕ್ಕಾಲು ಜನ ಅದನ್ನ ನೋಡೋದೇ ಇಲ್ಲ.

ಕಿವಿಗೆ ಸರಿ ಅನ್ನಿಸಿದ್ರೆ ಸರಿ ಅಂತ ಬಿಟ್ಬಿಡಬಹುದಲ್ವಾ?

ಆಗಲ್ಲ. ನಮ್ಮ ಕಿವಿ ಕನ್ನಡದ ಕಿವಿ. ಕನ್ನಡದಲ್ಲಿ ಲಿಂಗ ಅರ್ಥ ನೋಡ್ಕೊಂಡು ಬರತ್ತೆ, ಗಂಡಸು ಬಂದ, ಹೆಂಗಸು ಬಂದಳು, ಬಸ್ಸು ಬಂತು, ಅಷ್ಟೆ. ಹಿಂದೀಲಿ ನಪುಂಸಕ ಇಲ್ವೇ ಇಲ್ಲ, ಮೇಜು ಕುರ್ಚಿ ಮೂಗು ಕಿವಿ ಎಲ್ಲಾನೂ ಗಂಡೋ ಹೆಣ್ಣೋ ಆಗ್ಲೇಬೇಕು, ಮೂಗು ಅಂದ್ರೆ ನಾಕ್ ಸ್ತ್ರೀಲಿಂಗ, ಕಿವಿ ಅಂದ್ರೆ ಕಾನ್ ಪುಲ್ಲಿಂಗ, ಯಾಕೆ ಅಂತ ಕೇಳಿದ್ರೆ ಉತ್ತರ ಇಲ್ಲ. ಇನ್ನೊಂದು, ಕನ್ನಡದಲ್ಲಿ ಹುಡುಗೀನೂ ‘ನಾನು ಹೋಗ್ತೀನಿ’ ಅಂತಾಳೆ ಹುಡುಗಾನೂ ಅದನ್ನೇ ಅಂತಾನೆ, ಹಿಂದೀಲಿ ಹುಡುಗಿ ‘ಮೈಂ ಜಾತೀ ಹೂಂ’ ಅನ್ನಬೇಕು. ನನ್ನ ಹತ್ರ ಬರೋ ಹುಡುಗೀರ ನೋಟ್‌ಬುಕ್‌ಲ್ಲಿ ಅತೀ ಹೆಚ್ಚು ಕಾಣೋ ತಪ್ಪು ಇದೇ, ‘ಮೇರಾ ದಿನಚರ್ಯಾ’ ಅಂತ ಶುರು ಮಾಡಿ (ಅದೂ ಮೇರೀ ಆಗ್ಬೇಕಿತ್ತು) ಪುಟ ಪೂರ್ತಿ ‘ಮೈಂ ಉಠತಾ ಹೂಂ, ಮೈಂ ನಹಾತಾ ಹೂಂ’ ಅಂತ ಬರೆದಿರ್ತಾರೆ, ಯಾಕಂದ್ರೆ ಪುಸ್ತಕದಲ್ಲಿರೋ ಮಾದರಿ ಹುಡುಗನದ್ದು.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು?

ವಾಕ್ಯಾನ ಎಡದಿಂದ ಬಲಕ್ಕೆ ಓದಿ ತಿದ್ದಕ್ಕೆ ಹೋಗ್ಬೇಡಿ, ಕಳೆದುಹೋಗ್ತೀರ. ಮೂರು ಸಲ ಓದಬೇಕು, ಒಂದೊಂದು ಸಲ ಒಂದೊಂದು ಕೆಲಸ.

ಮೊದಲನೇ ಸಲ ನಾಮಪದಗಳ ಮೇಲೆ ಪೆನ್ಸಿಲ್‌ಲ್ಲಿ ‘ಪು’ ಅಥವಾ ‘ಸ್ತ್ರೀ’ ಅಂತ ಬರೀರಿ, ಡೌಟ್ ಇದ್ದಿದ್ದಕ್ಕೆ ಡಿಕ್ಷನರಿ ನೋಡಿ. ಎರಡನೇ ಸಲ ನೇ, ಕೋ, ಸೇ, ಮೇಂ, ಪರ್, ಕಾ-ಕೀ-ಕೇ ಎಲ್ಲೆಲ್ಲಿದೆ ಹುಡುಕಿ ರೌಂಡ್ ಹಾಕಿ. ಇವನ್ನ ಹಿಂದೀಲಿ ಪರಸರ್ಗ ಅಂತಾರೆ, ನಮ್ಮ ವಿಭಕ್ತಿ ಪ್ರತ್ಯಯದ ಕೆಲಸಾನೇ ಮಾಡ್ತಾವೆ. ರೌಂಡ್ ಹಾಕಿದ ಮೇಲೆ ಅದರ ಎಡಗಡೆ ಪದಗಳು ರೂಪ ಬದಲಾಯಿಸಿದ್ಯಾ ನೋಡಿ. ಮೂರನೇ ಸಲ ಮಾತ್ರ ಕ್ರಿಯಾಪದಕ್ಕೆ ಬನ್ನಿ. ಈ ಆರ್ಡರ್ ಯಾಕೆ ಅಂದ್ರೆ ಕ್ರಿಯಾಪದ ಸರಿನಾ ತಪ್ಪಾ ಅಂತ ಹೇಳೋಕೆ ಮೊದಲೆರಡು ಗೊತ್ತಿರ್ಲೇಬೇಕು, ಮುಂದಿನ ಉತ್ತರ ಓದಿದ್ರೆ ಗೊತ್ತಾಗತ್ತೆ.

ಕ್ರಿಯಾಪದ ಯಾವ ಪದಾನ ಫಾಲೋ ಮಾಡತ್ತೆ? ಒಂದ್ಸಲ ಕರ್ತೃ ಅಂತಾರೆ, ಒಂದ್ಸಲ ಕರ್ಮ ಅಂತಾರೆ.

ಇಡೀ ವಿಷಯದಲ್ಲಿ ಒಂದೇ ಒಂದು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ: ಪರಸರ್ಗ ಅಂಟಿರೋ ಪದದ ಹತ್ರ ಕ್ರಿಯಾಪದ ಸುಳಿಯೋದೇ ಇಲ್ಲ.

ಮೊದಲು ಕರ್ತೃ ನೋಡಿ. ಅದಕ್ಕೆ ಏನೂ ಅಂಟಿಲ್ಲ ಅಂದ್ರೆ ಕ್ರಿಯಾಪದ ಅದರ ಹಿಂದೇನೇ: ‘ಸೀತಾ ರೋಟೀ ಖಾತೀ ಹೈ’, ‘ರಾಮ್ ರೋಟೀ ಖಾತಾ ಹೈ’. ಕರ್ತೃವಿಗೆ ನೇ ಅಂಟಿದ್ರೆ ಆ ದಾರಿ ಬಂದ್, ಕರ್ಮ ನೋಡಿ. ಕರ್ಮಕ್ಕೆ ಏನೂ ಅಂಟಿಲ್ಲ ಅಂದ್ರೆ ಕ್ರಿಯಾಪದ ಕರ್ಮದ ಹಿಂದೆ: ‘ರಾಮ್ ನೇ ರೋಟೀ ಖಾಯೀ’, ತಿಂದಿದ್ದು ರಾಮ ಆದ್ರೂ ಖಾಯೀ, ಯಾಕಂದ್ರೆ ರೋಟೀ ಸ್ತ್ರೀಲಿಂಗ. ‘ಸೀತಾ ನೇ ಕೇಲಾ ಖಾಯಾ’, ತಿಂದಿದ್ದು ಸೀತೆ ಆದ್ರೂ ಖಾಯಾ. ಕರ್ಮಕ್ಕೂ ಕೋ ಅಂಟಿದ್ರೆ ಆ ದಾರೀನೂ ಬಂದ್, ಆಗ ಕ್ರಿಯಾಪದ ಯಾರ ತಂಟೆಗೂ ಹೋಗದೆ ಪುಲ್ಲಿಂಗ ಏಕವಚನದಲ್ಲಿ ನಿಂತುಬಿಡತ್ತೆ: ‘ಸೀತಾ ನೇ ಲಡ್ಕೀ ಕೋ ದೇಖಾ’. ಇಬ್ರೂ ಹೆಣ್ಣೇ, ಕ್ರಿಯಾಪದ ಮಾತ್ರ ದೇಖಾ. ಈ ಮೂರನೇದನ್ನ ಕಲಿಸದೆ ಬಿಟ್ರೆ ಚುರುಕು ಮಕ್ಕಳು ‘ಲಡ್ಕೀ ಕೋ ದೇಖೀ’ ಅಂತ ಬರೀತಾರೆ, ಅವರು ಎರಡನೇ ನಿಯಮ ಸರಿಯಾಗಿ ಕಲಿತಿರೋದ್ರಿಂದ್ಲೇ ಆಗೋ ತಪ್ಪು ಅದು, ಪಾಪ.

ನಾಮಪದದ ಲಿಂಗ ಬಾಯಿಪಾಠ ಮಾಡ್ಲೇಬೇಕಾ? ಕನ್ನಡದವರಿಗೆ ಏನೂ ಶಾರ್ಟ್‌ಕಟ್ ಇಲ್ವಾ?

ಒಂದಿದೆ, ನಂಗೆ ತುಂಬ ಇಷ್ಟವಾದ್ದು. ಸಂಸ್ಕೃತದಿಂದ ಬಂದ ಪದ ಕನ್ನಡದಲ್ಲಿ ‘ಎ’ ಅಂತ ಮುಗಿದು ಹಿಂದೀಲಿ ‘ಆ’ ಅಂತ ಮುಗಿದ್ರೆ ಅದು ಹಿಂದೀಲಿ ಸಾಮಾನ್ಯವಾಗಿ ಸ್ತ್ರೀಲಿಂಗ. ಭಾಷೆ-ಭಾಷಾ, ಪರೀಕ್ಷೆ-ಪರೀಕ್ಷಾ, ಯಾತ್ರೆ-ಯಾತ್ರಾ, ಕವಿತೆ-ಕವಿತಾ, ಸಭೆ-ಸಭಾ, ಘಟನೆ-ಘಟನಾ, ಪ್ರಾರ್ಥನೆ-ಪ್ರಾರ್ಥನಾ, ಎಲ್ಲಾ ಸ್ತ್ರೀಲಿಂಗ. ಪುಸ್ತಕದಲ್ಲಿ ‘ಆ ಅಂತ್ಯ ಇದ್ರೆ ಪುಲ್ಲಿಂಗ’ ಅಂತ ಕೊಟ್ಟಿರ್ತಾರೆ, ಮಕ್ಕಳು ಅದನ್ನ ನಂಬ್ಕೊಂಡು ‘ಮೇರಾ ಪರೀಕ್ಷಾ’ ಅಂತಾರೆ. ಆ ನಿಯಮ ಕೇಲಾ, ಕಪ್ಡಾ ಥರದ ಹಿಂದಿಯ ಸ್ವಂತ ಪದಗಳಿಗೆ, ಅವಕ್ಕೆ ಕನ್ನಡದಲ್ಲಿ ‘ಎ’ ಜೋಡಿ ಇರಲ್ಲ. ಹಾಗಾಗಿ ಕನ್ನಡ ಗೊತ್ತಿರೋ ಮಗುವಿಗೆ ಇದು ದೆಹಲಿ ಮಗುವಿಗೂ ಇಲ್ಲದ ಅನುಕೂಲ. ಕೆಲವು ಕಡೆ ಕೈಕೊಡತ್ತೆ, ಉದಾಹರಣೆಗೆ ದೇವತೆ-ದೇವತಾ. ಕನ್ನಡದಲ್ಲಿ ದೇವತೆ ಅಂದ ತಕ್ಷಣ ನಮಗೆ ಹೆಣ್ಣುದೇವರ ನೆನಪು ಬರತ್ತೆ, ಹಿಂದೀಲಿ ದೇವತಾ ಪುಲ್ಲಿಂಗ, ಹೆಣ್ಣುದೇವರು ದೇವೀ.

ಇನ್ನು ‘ಈ’ ಅಂತ ಮುಗಿದ್ರೆ ಸಾಮಾನ್ಯವಾಗಿ ಸ್ತ್ರೀಲಿಂಗ, ಆದ್ರೆ ಅಡುಗೆಮನೆ ಕಡೆ ಹುಷಾರು: ಪಾನೀ, ಘೀ, ದಹೀ ಮೂರೂ ಪುಲ್ಲಿಂಗ. ‘ಠಂಡಾ ಪಾನೀ’, ‘ಠಂಡೀ ಪಾನೀ’ ಅಲ್ಲ. ದಹೀನ ಕೆಲವು ಕಡೆ ಜನ ಸ್ತ್ರೀಲಿಂಗವಾಗೂ ಆಡ್ತಾರೆ, ಪರೀಕ್ಷೇಲಿ ಮಾತ್ರ ‘ದಹೀ ಖಟ್ಟಾ ಹೈ’ ಬರೆಸಿ. ವ್ಯಂಜನದಲ್ಲಿ ಮುಗಿಯೋ ಪದಗಳಿಗೆ ಮಾತ್ರ ನಿಜವಾಗ್ಲೂ ಬಾಯಿಪಾಠಾನೇ ಗತಿ. ಪುಸ್ತಕ್, ಕಿತಾಬ್, ಮೇಜ್, ರಾತ್, ಬಾತ್, ಚಾಯ್, ಆಂಖ್ ಸ್ತ್ರೀಲಿಂಗ, ಘರ್, ಹಾಥ್, ದಿನ್, ಫಲ್ ಪುಲ್ಲಿಂಗ. ಪದ ಕಲಿಸುವಾಗ್ಲೇ ಬರೀ ‘ಮೇಜ್’ ಅಂತ ಕಲಿಸದೆ ‘ಬಡೀ ಮೇಜ್’, ‘ಬಡಾ ಘರ್’ ಅಂತ ಜೋಡಿಯಾಗಿ ಕಲಿಸಿದ್ರೆ ಆಮೇಲೆ ಕೆಂಪು ಪೆನ್ನಿನ ಇಂಕು ಉಳಿಯತ್ತೆ.

‘ಸೀತಾ ಕೀ ಘರ್’ ಅಂತ ಬರೆದಿದಾಳೆ. ಸೀತಾ ಹೆಣ್ಣಲ್ವಾ, ಕೀ ಸರಿ ಅಲ್ವಾ?

ತಪ್ಪು, ‘ಸೀತಾ ಕಾ ಘರ್’. ಕಾ-ಕೀ-ಕೇ ಯಾರದ್ದು ಅನ್ನೋದನ್ನ ನೋಡಲ್ಲ, ಏನು ಅನ್ನೋದನ್ನ ನೋಡತ್ತೆ, ಅಂದ್ರೆ ಬಲಗಡೆ ಇರೋ ಪದಾನ. ಸೀತೆಯ ಮನೆ, ರಾಮನ ಪುಸ್ತಕ ಅನ್ನುವಾಗ ಕನ್ನಡದಲ್ಲಿ ಪ್ರತ್ಯಯ ಎಡಗಡೆ ಪದಕ್ಕೆ ಅಂಟ್ಕೊಂಡೇ ಇರತ್ತೆ, ಅದಕ್ಕೇ ನಮ್ಮ ಮಕ್ಕಳ ಕಣ್ಣು ಎಡಕ್ಕೇ ಹೋಗತ್ತೆ. ತಿದ್ದುವಾಗ ಕಾ-ಕೀ ಮೇಲೆ ಬಲಗಡೆಗೆ ಒಂದು ಬಾಣದ ಗುರುತು ಹಾಕಿ ಕೊಡಿ, ಉತ್ತರ ಬರೀಬೇಡಿ. ನಾನು ಹೀಗೆ ಬಾಣ ಹಾಕೋಕೆ ಶುರು ಮಾಡಿದ ಮೇಲೆ ಮಕ್ಕಳು ತಾವೇ ತಿದ್ಕೊಂಡು ಬರ್ತಾರೆ.

ಇದೇ ಬಾಣ ‘ಕೇ ಕಾರಣ್’, ‘ಕೀ ವಜಹ್ ಸೇ’ ಥರದವಕ್ಕೂ ಕೆಲಸ ಮಾಡತ್ತೆ. ಎರಡರ ಅರ್ಥಾನೂ ‘ಅದರಿಂದಾಗಿ’ ಅಂತಾನೇ, ಆದ್ರೂ ಒಂದಕ್ಕೆ ಕೇ ಒಂದಕ್ಕೆ ಕೀ, ಯಾಕಂದ್ರೆ ಕಾರಣ್ ಪುಲ್ಲಿಂಗ, ವಜಹ್ ಸ್ತ್ರೀಲಿಂಗ. ಕೀ ತರಹ್, ಕೀ ಓರ್, ಕೀ ತರಫ್ ಇವೂ ಅಷ್ಟೆ, ತರಹ್, ಓರ್, ತರಫ್ ಮೂಲದಲ್ಲಿ ಸ್ತ್ರೀಲಿಂಗ ನಾಮಪದಗಳೇ.

‘ಮೇರಾ ಕಮರಾ ಮೇಂ’ ಯಾಕೆ ತಪ್ಪು? ಕಮರಾ ಪುಲ್ಲಿಂಗ, ಮೇರಾ ಪುಲ್ಲಿಂಗ, ಮ್ಯಾಚ್ ಆಗಿದೆಯಲ್ಲ?

ಲಿಂಗ ಮ್ಯಾಚ್ ಆಗಿದೆ, ಆದ್ರೆ ಮೇಂ ಬಂದಿದ್ದನ್ನ ಯಾರೂ ಗಮನಿಸಿಲ್ಲ. ‘ಆ’ ಅಂತ ಮುಗಿಯೋ ಪುಲ್ಲಿಂಗ ಪದದ ಮುಂದೆ ಪರಸರ್ಗ ಬಂದ ಕೂಡ್ಲೇ ಆ ಹೋಗಿ ಏ ಆಗತ್ತೆ, ಕಮರೇ ಮೇಂ. ಅದರ ಜೊತೆಗಿರೋ ಮೇರಾ, ಬಡಾ, ಅಚ್ಛಾ ಎಲ್ಲಾನೂ ಬಗ್ಗಬೇಕು: ‘ಮೇರೇ ಬಡೇ ಕಮರೇ ಮೇಂ’.

ನಾಮಪದ ಬದಲಾಗೋದು ನಮಗೆ ಹೊಸದಲ್ಲ, ಮರ ಅನ್ನೋದು ಮರದಲ್ಲಿ ಆಗುವಾಗ ನಡುವೆ ‘ದ’ ಬರಲ್ವಾ, ಹಾಗೆ. ಆದ್ರೆ ಕನ್ನಡದಲ್ಲಿ ‘ದೊಡ್ಡ ಮರ’, ‘ದೊಡ್ಡ ಮರದಲ್ಲಿ’, ದೊಡ್ಡ ಹಾಗೇ ಇರತ್ತೆ. ಅದಕ್ಕೆ ಮಕ್ಕಳು ಮೊದಮೊದಲು ಎರಡನ್ನೂ ಬಿಡ್ತಾರೆ, ಸ್ವಲ್ಪ ಕಲಿತ ಮೇಲೆ ‘ಮೇರಾ ಬಡಾ ಕಮರೇ ಮೇಂ’ ಅಂತ ಬರೀತಾರೆ, ಅಂದ್ರೆ ನಾಮಪದ ಸರಿ, ವಿಶೇಷಣ ಬಿಟ್ಟಿದಾರೆ. ಇದು ಕಂಡ್ರೆ ಬೇಜಾರ್ ಮಾಡ್ಕೋಬೇಡಿ, ಅರ್ಧ ದಾರಿ ಬಂದಿದಾರೆ ಅಂತ ಅರ್ಥ. ಒಂದು ವಿಷಯ ಮಾತ್ರ, ‘ಮೇರಾ ಘರ್ ಮೇಂ’ ಅನ್ನೋದು ಕಣ್ಣಿಗೆ ತಪ್ಪಿಸ್ಕೊಳ್ಳತ್ತೆ, ಯಾಕಂದ್ರೆ ಘರ್ ಬದಲಾಗಲ್ಲ, ಆದ್ರೂ ಮೇರೇ ಆಗ್ಲೇಬೇಕು.

ಸ್ತ್ರೀಲಿಂಗ ಏಕವಚನಕ್ಕೆ ಈ ತಾಪತ್ರಯ ಇಲ್ಲ, ‘ಮೇರೀ ಛೋಟೀ ಬಹನ್ ಕೋ’. ಬಹುವಚನದ ಮುಂದೆ ಪರಸರ್ಗ ಬಂದ್ರೆ ಯಾವ ಲಿಂಗ ಆದ್ರೂ ನಾಮಪದ ಓಂ ಅಂತ ಮುಗೀಬೇಕು, ಲಡ್ಕೋಂ ಕೋ, ಲಡ್ಕಿಯೋಂ ಕೋ. ರಾಜಾ, ಪಿತಾ, ಚಾಚಾ ಈ ಮರ್ಯಾದಸ್ಥರು ಏಕವಚನದಲ್ಲಿ ಬಗ್ಗಲ್ಲ, ‘ರಾಜಾ ನೇ’ ಅಂತಾನೇ. ‘ರಾಜೇ ನೇ’ ಅಂತ ಬರೆದಿದ್ರೆ ನಿಯಮ ಜಾಸ್ತಿ ಕಲಿತಿದಾರೆ ಅಂತ.

ಕೋ ಎಲ್ಲಿ ಹಾಕೋದು ಎಲ್ಲಿ ಬಿಡೋದು ನಂಗೇ ಗೊತ್ತಾಗಲ್ಲ.

ನಮ್ಮ ಮಕ್ಕಳು ‘ಗೆ’ ಕಂಡಲ್ಲೆಲ್ಲ ಕೋ, ‘ಅನ್ನು’ ಕಂಡಲ್ಲೆಲ್ಲ ಕೋ ಹಾಕ್ತಾರೆ. ಎರಡನ್ನೂ ಬೇರೆ ಬೇರೆ ನೋಡೋಣ.

‘ಅನ್ನು’ ವಿಷಯದಲ್ಲಿ ಪುಸ್ತಕದ ಕನ್ನಡ ಬಿಟ್ಟು ಆಡುಮಾತನ್ನ ಕೇಳಿಸ್ಕೊಳ್ಳಿ. ನಾವು ಮನೇಲಿ ‘ಪುಸ್ತಕ ಓದಿದೆ’, ‘ಬಾಳೆಹಣ್ಣು ತಿಂದೆ’ ಅಂತೀವಿ, ಅನ್ನು ಬಿಟ್ಟೇ ಆಡ್ತೀವಿ. ಆದ್ರೆ ‘ಹುಡುಗೀನ ಕರೆದೆ’, ‘ಅಣ್ಣನ್ನ ನೋಡಿದೆ’ ಅನ್ನುವಾಗ ಬಿಡಕ್ಕೆ ಆಗಲ್ಲ. ಹಿಂದೀದೂ ಬಹುಪಾಲು ಇದೇ ಲೆಕ್ಕ, ವಸ್ತುವಿಗೆ ಸಾಮಾನ್ಯವಾಗಿ ಕೋ ಬೇಡ, ಮನುಷ್ಯರಿಗೆ ಬೇಕು: ‘ಕಿತಾಬ್ ಪಢೀ’, ‘ಭಾಈ ಕೋ ದೇಖಾ’. ‘ಕಿತಾಬ್ ಕೋ ಪಢಾ’ ಅಂದ್ರೆ ಅದೇ ಆ ಪುಸ್ತಕಾನ ಅಂತ ಒತ್ತಿ ಹೇಳಿದ ಹಾಗೆ, ತಪ್ಪಲ್ಲ, ಆದ್ರೆ ಪ್ರತಿ ಸಾಲಲ್ಲೂ ಅದೇ ಇದ್ರೆ ಮಗು ‘ಪುಸ್ತಕವನ್ನು ಓದಿದೆನು’ ಅನ್ನೋದನ್ನ ಅನುವಾದ ಮಾಡ್ತಿದೆ ಅಂತ ಗೊತ್ತಾಗತ್ತೆ.

‘ಗೆ’ ಇದೆಯಲ್ಲ, ಅದು ಕೊಡೋದು, ಬೇಕು, ಇಷ್ಟ, ಹಸಿವು ಇವುಗಳಲ್ಲಿ ಹಾಗೇ ದಾಟತ್ತೆ. ನನಗೆ ಟೀ ಬೇಕು, ‘ಮುಝೇ ಚಾಯ್ ಚಾಹಿಏ’, ಇಂಗ್ಲಿಷ್‌ನಿಂದ ಹಿಂದಿ ಕಲಿಯೋರು ಇಲ್ಲಿ ಒದ್ದಾಡ್ತಾರೆ, ನಮಗೆ ಫ್ರೀ. ಆದ್ರೆ ಊರಿಗೆ ಹೋಗೋದಕ್ಕೆ ಕೋ ಬೇಡ, ‘ಮೈಂ ಮೈಸೂರ್ ಜಾತಾ ಹೂಂ’ ಸಾಕು. ‘ನನಗೆ ಇಬ್ಬರು ಅಣ್ಣಂದಿರು’ ಅನ್ನೋದು ‘ಮುಝೇ ದೋ ಭಾಈ’ ಅಲ್ಲ, ‘ಮೇರೇ ದೋ ಭಾಈ ಹೈಂ’. ನಾಯಿಗೆ ಹೆದರೋದು ‘ಕುತ್ತೇ ಸೇ’, ಕೋ ಅಲ್ಲ.

ಸೇ ಬೇಕಾಗೋ ಇನ್ನೂ ಎರಡು ಕ್ರಿಯಾಪದ ಪರೀಕ್ಷೇಲಿ ತಪ್ಪದೆ ಬರತ್ತೆ. ಅವನನ್ನ ಕೇಳು ಅಂದ್ರೆ ‘ಉಸ್‌ಸೇ ಪೂಛೋ’, ಅವನನ್ನ ಭೇಟಿ ಮಾಡಿದೆ ಅಂದ್ರೆ ‘ಮೈಂ ಉಸ್‌ಸೇ ಮಿಲಾ’. ಹೇಳೋದು ಮಾತ್ರ ಗೋಜಲು, ‘ಉಸ್‌ಸೇ ಕಹೋ’ ಆದ್ರೆ ‘ಉಸ್‌ಕೋ ಬತಾಓ’, ಕನ್ನಡದಲ್ಲಿ ಎರಡಕ್ಕೂ ‘ಅವನಿಗೆ ಹೇಳು’. ಇದಕ್ಕೆ ತರ್ಕ ಹುಡುಕ್ತಾ ಕೂರಬೇಡಿ, ಕ್ರಿಯಾಪದದ ಜೊತೇಲೇ ಪರಸರ್ಗಾನ ಕಲಿಸಿ: ಸೇ ಪೂಛನಾ, ಸೇ ಮಿಲನಾ, ಸೇ ಕಹನಾ, ಕೋ ಬತಾನಾ.

ನೇ ಯಾವಾಗ ಹಾಕ್ಬಾರ್ದು?

ಭೂತಕಾಲದಲ್ಲಿ ಸಕರ್ಮಕ ಕ್ರಿಯಾಪದಕ್ಕೆ ನೇ, ಅದು ಎಲ್ಲರಿಗೂ ಗೊತ್ತಿರತ್ತೆ. ಭೂತಕಾಲ ಅಂದ್ರೂ ಮುಗಿದುಹೋದ ಕೆಲಸಕ್ಕೆ ಮಾತ್ರ, ಖಾಯಾ, ಖಾಯಾ ಹೈ, ಖಾಯಾ ಥಾ ಇವಕ್ಕೆ. ‘ತಿಂತಿದ್ದೆ’ ಅನ್ನೋಕೆ ನೇ ಇಲ್ಲ, ‘ಮೈಂ ಖಾ ರಹಾ ಥಾ’, ‘ಮೈಂ ಖಾತಾ ಥಾ’. ‘ಮೈಂನೇ ಖಾತಾ ಥಾ’ ಕಂಡ್ರೆ ಮಗು ‘ಥಾ’ ನೋಡಿ ಮೋಸ ಹೋಗಿದೆ.

ಲಾನಾ, ಬೋಲನಾ, ಭೂಲನಾ ಈ ಮೂರಕ್ಕೆ ಕರ್ಮ ಇದ್ರೂ ನೇ ಬೇಡ, ‘ವಹ್ ದೂಧ್ ಲಾಯಾ’. ಆಮೇಲೆ ಎರಡು ಕ್ರಿಯಾಪದ ಜೋಡಿಯಾಗಿ ಬಂದಾಗ ಕೊನೇದನ್ನ ನೋಡಿ. ಖಾನಾಗೆ ನೇ ಬೇಕು, ಆದ್ರೆ ಕೊನೇಲಿ ಚುಕನಾ, ಸಕನಾ, ಜಾನಾ, ಲಗನಾ ಬಂದ್ರೆ ನೇ ಓಡಿಹೋಗತ್ತೆ: ‘ಮೈಂ ರೋಟೀ ಖಾ ಚುಕಾ’, ‘ಮೈಂ ನಹೀಂ ಖಾ ಸಕಾ’. ಬರೆಯೋದ್ರಲ್ಲಿ ಒಂದು ಚಿಕ್ಕ ವಿಷಯ, ನಾಮಪದಕ್ಕೆ ನೇ ಬಿಡಿಯಾಗಿ, ಸರ್ವನಾಮಕ್ಕೆ ಸೇರಿಸಿ, ‘ರಾಮ್ ನೇ’ ಆದ್ರೆ ‘ಮೈಂನೇ, ಉಸನೇ, ಉನ್ಹೋಂನೇ’. ‘ವಹ್ ನೇ’ ಅಂತ ಇಲ್ಲ.

ಒಂದು ಎಕ್ಸರ್‌ಸೈಜ್ ಪೂರ್ತಿ ತಿದ್ದಿ ತೋರಿಸಿ.

ಏಳನೇ ಕ್ಲಾಸಿನ ಹುಡುಗ ಬರೆಯೋ ಥರದ ಆರು ಸಾಲು ತಗೊಳ್ಳೋಣ, ವಿಷಯ ‘ಕಲ್’, ಅಂದ್ರೆ ನಿನ್ನೆ.

ಮೇರಾ ಮಾತಾಜೀ ಚಾಯ್ ಬನಾಯಾ.
ಮೈಂ ಏಕ್ ರೋಟೀ ಖಾಯಾ.
ರಾಮ್ ಕಾ ಬಹನ್ ಸ್ಕೂಲ್ ಕೋ ಗಯಾ.
ಮೇರಾ ಕಮರಾ ಮೇಂ ದೋ ಖಿಡ್ಕೀ ಹೈ.
ಸೀತಾ ನೇ ಅಪನಾ ಸಹೇಲೀ ಕೋ ಬುಲಾಯೀ.
ಪಿತಾಜೀ ನೇ ಬಾಜಾರ್ ಸೇ ಕೇಲಾ ಲಾಯಾ.

ಮೊದಲನೇ ಸಾಲು. ಮಾತಾಜೀ ಸ್ತ್ರೀ, ಚಾಯ್ ಸ್ತ್ರೀ. ಮೇರಾ ಹೋಗಿ ಮೇರೀ. ಬನಾನಾ ಸಕರ್ಮಕ, ಕೆಲಸ ಮುಗಿದಿದೆ, ಹಾಗಾಗಿ ಮಾತಾಜೀ ನೇ. ಈಗ ಆ ದಾರಿ ಬಂದ್, ಚಾಯ್‌ಗೆ ಏನೂ ಅಂಟಿಲ್ಲ, ಬನಾಯೀ. ‘ಮೇರೀ ಮಾತಾಜೀ ನೇ ಚಾಯ್ ಬನಾಯೀ’. ಎರಡನೇದೂ ಇದೇ ರೋಗ, ‘ಮೈಂನೇ ಏಕ್ ರೋಟೀ ಖಾಯೀ’.

ಮೂರನೇದ್ರಲ್ಲಿ ಕಾ ಮೇಲೆ ಬಲಕ್ಕೆ ಬಾಣ, ಬಹನ್ ಸ್ತ್ರೀ, ಹಾಗಾಗಿ ಕೀ. ಸ್ಕೂಲ್‌ಗೆ ಹೋಗೋದು, ಕೋ ತೆಗೀರಿ. ಜಾನಾ ಅಕರ್ಮಕ, ನೇ ಇಲ್ಲ, ಕ್ರಿಯಾಪದ ಕರ್ತೃವಿನ ಹಿಂದೆ. ‘ರಾಮ್ ಕೀ ಬಹನ್ ಸ್ಕೂಲ್ ಗಯೀ’.

ನಾಲ್ಕನೇದು ‘ಮೇರೇ ಕಮರೇ ಮೇಂ ದೋ ಖಿಡ್ಕಿಯಾಂ ಹೈಂ’. ಕನ್ನಡದಲ್ಲಿ ‘ಎರಡು ಕಿಟಕಿ ಇದೆ’ ಅಂತ ಏಕವಚನದಲ್ಲೇ ಆಡ್ತೀವಿ, ಅದೇ ಇಲ್ಲಿ ಬಂದಿದೆ. ಹೈ ಮೇಲಿನ ಬಿಂದಿ ಬಿಟ್ರೆ ವಚನದ ತಪ್ಪೇ ಆಗತ್ತೆ, ಸ್ಪೆಲ್ಲಿಂಗ್ ಮಿಸ್ಟೇಕ್ ಅಂತ ಬಿಡ್ಬೇಡಿ.

ಐದನೇದು ನಂಗೆ ಈ ಆರರಲ್ಲಿ ಮುಖ್ಯ ಅನ್ನಿಸೋದು. ನೇ ಹಾಕಿದಾನೆ, ಸರಿ. ಸಹೇಲೀ ಮನುಷ್ಯಳು, ಕೋ ಹಾಕಿದಾನೆ, ಅದೂ ಸರಿ. ಅಪನಾ ಮಾತ್ರ ಅಪನೀ ಆಗ್ಬೇಕು. ಕ್ರಿಯಾಪದ? ಎರಡೂ ದಾರಿ ಬಂದ್, ಆದ್ರಿಂದ ಬುಲಾಯಾ. ‘ಸೀತಾ ನೇ ಅಪನೀ ಸಹೇಲೀ ಕೋ ಬುಲಾಯಾ’. ಆರನೇದು ‘ಪಿತಾಜೀ ಬಾಜಾರ್ ಸೇ ಕೇಲಾ ಲಾಯೇ’. ಲಾನಾಗೆ ನೇ ಬೇಡ, ಹಾಗಾಗಿ ಕ್ರಿಯಾಪದ ವಾಪಸ್ ಪಿತಾಜೀ ಹಿಂದೆ, ಮರ್ಯಾದೆಗೆ ಬಹುವಚನ, ನಾವು ‘ಅಪ್ಪ ತಂದ್ರು’ ಅನ್ನಲ್ವಾ ಹಾಗೆ. ಒಂದಕ್ಕಿಂತ ಜಾಸ್ತಿ ಹಣ್ಣು ಅಂದ್ರೆ ಕೇಲೇ.

‘ಮೇರಾ ಪರೀಕ್ಷಾ ಅಚ್ಛಾ ಹುಆ’, ಇದಕ್ಕೆ ಒಂದು ಮಾರ್ಕ್ ಕಟ್ ಮಾಡೋದಾ ಮೂರಾ?

ನಾನಾದ್ರೆ ಒಂದೇ. ಮೂರು ಪದ ತಪ್ಪಿದ್ರೂ ಕಾರಣ ಒಂದೇ, ಪರೀಕ್ಷಾ ಪುಲ್ಲಿಂಗ ಅಂದ್ಕೊಂಡಿದಾನೆ. ಅಂದ್ಕೊಂಡ ಮೇಲೆ ಮೂರೂ ಕಡೆ ಸರಿಯಾಗಿ ಹೊಂದಿಸಿದಾನೆ, ಅವನಿಗೆ ವ್ಯಾಕರಣ ಗೊತ್ತಿದೆ, ಆ ಒಂದು ಪದದ ಲಿಂಗ ಗೊತ್ತಿಲ್ಲ. ಪರೀಕ್ಷಾ ಮೇಲೆ ‘ಸ್ತ್ರೀ’ ಅಂತ ಬರೆದು ಕೊಟ್ರೆ ‘ಮೇರೀ ಪರೀಕ್ಷಾ ಅಚ್ಛೀ ಹುಈ’ ಅಂತ ತಾನೇ ತಿದ್ಕೊಂಡು ಬರ್ತಾನೆ.

ಇನ್ನೊಬ್ಬ ‘ಮೇರೀ ಪರೀಕ್ಷಾ ಅಚ್ಛಾ ಹುಈ’ ಅಂತ ಬರೆದಿದಾನೆ ಅನ್ನಿ. ಲೆಕ್ಕಕ್ಕೆ ಒಂದೇ ಪದ ತಪ್ಪು, ಆದ್ರೆ ಇವನಿಗೆ ಲಿಂಗ ಗೊತ್ತಿದ್ದೂ ನಡುವೆ ಕೈ ಜಾರಿದೆ. ಇವನಿಗೆ ಲಿಂಗದ ಪಟ್ಟಿ ಬಾಯಿಪಾಠ ಕೊಟ್ರೆ ಪ್ರಯೋಜನ ಇಲ್ಲ, ವಿಶೇಷಣ ಹೊಂದಿಸೋ ವಾಕ್ಯ ಹತ್ತು ಬರೆಸಬೇಕು. ಬರೀ ರೈಟ್-ರಾಂಗ್ ಹಾಕಿದ್ರೆ ಈ ವ್ಯತ್ಯಾಸ ಕಾಣ್ಸೋದೇ ಇಲ್ಲ.

ಅಂಗಡಿಯವರು ‘ಮೈಂ ಖಾಯಾ’ ಅಂತಾನೇ ಆಡ್ತಾರಲ್ಲ, ಅವರಿಗೆ ಹಿಂದಿ ಬರಲ್ವಾ?

ಬರತ್ತೆ, ಅದು ಬೇರೆ ಹಿಂದಿ ಅಷ್ಟೆ. ಬೆಂಗಳೂರು, ಕಲಬುರಗಿ, ಬೀದರ್ ಕಡೆ ಕೇಳಿಸೋ ದಖನೀಲಿ ನೇ ಬಳಕೆ ಕಮ್ಮಿ, ಕೋ ಜಾಗದಲ್ಲಿ ‘ಕು’ ಇರತ್ತೆ, ಅದಕ್ಕೆ ಅದರದೇ ಕಟ್ಟು ಇದೆ. ಬಿಹಾರದ ಕಡೆಯವರೂ ಮಾತಲ್ಲಿ ನೇ ಬಿಡ್ತಾರೆ. ದೆಹಲಿ-ಪಂಜಾಬ್ ಕಡೆಯವರು ಉಲ್ಟಾ, ‘ಮುಝೇ ಜಾನಾ ಹೈ’ ಅನ್ನೋ ಕಡೆ ‘ಮೈಂನೇ ಜಾನಾ ಹೈ’ ಅಂತಾರೆ, ಹಾಗಾಗಿ ‘ನಾರ್ತ್ ಇಂಡಿಯನ್ ಫ್ರೆಂಡ್ ಹೀಗೇ ಅಂದ್ರು’ ಅನ್ನೋದನ್ನ ಉತ್ತರಪತ್ರಿಕೇಲಿ ನಂಬ್ಕೋಬೇಡಿ. ಮನೇಲಿ ದಖನಿ ಆಡೋ ಮಕ್ಕಳ ನೋಟ್‌ಬುಕ್‌ಲ್ಲಿ ನೇ ಬಿಟ್ಟಿದ್ರೆ ‘ಇದು ಪುಸ್ತಕದ ಹಿಂದೀಲಿ ಹೀಗೆ’ ಅಂತ ಬರೀರಿ, ಅವರ ಮನೆಮಾತನ್ನ ತಪ್ಪು ಅನ್ನಬೇಡಿ.

ತಪ್ಪು ಥರ ಕಂಡು ಸರಿಯಾಗೇ ಇರೋದು ಏನಾದ್ರೂ ಇದ್ಯಾ?

ಇದೆ, ನಾನೇ ಕೆಂಪು ಗೀಟು ಹಾಕಿ ಆಮೇಲೆ ಅಳಿಸಿದೀನಿ. ‘ಲಾಲ್ ಸಾಡೀ’ ಸರಿ, ಲಾಲೀ ಆಗಲ್ಲ, ಯಾಕಂದ್ರೆ ‘ಆ’ ಅಂತ ಮುಗಿಯೋ ವಿಶೇಷಣ ಮಾತ್ರ ಬದಲಾಗೋದು, ಲಾಲ್, ಸುಂದರ್ ಬದಲಾಗಲ್ಲ, ಬಢಿಯಾ ‘ಆ’ ಅಂತ ಮುಗಿದ್ರೂ ಬದಲಾಗಲ್ಲ. ‘ರಾತ್ ಕೋ’, ‘ಸೋಮವಾರ್ ಕೋ’ ಸರಿ, ಸಮಯಕ್ಕೆ ಕೋ ನಡೆಯತ್ತೆ. ‘ಮುಝೇ ಹಿಂದೀ ಸೀಖನೀ ಹೈ’ ಅಂತ ಪುಸ್ತಕದಲ್ಲಿದ್ದು ಮಗು ‘ಸೀಖನಾ ಹೈ’ ಅಂತ ಬರೆದಿದ್ರೆ ಅದನ್ನೂ ಹಿಂದಿಯವರು ಆಡ್ತಾರೆ, ಪರೀಕ್ಷೆಗೆ ಮಾತ್ರ ಸೀಖನೀ ಹೇಳ್ಕೊಡಿ. ‘ಲಡ್ಕಿಯಾಂ ಗಯೀ ಥೀಂ’ ಅಲ್ಲಿ ಗಯೀ ಮೇಲೆ ಬಿಂದಿ ಇಲ್ಲದೆ ಥೀಂಗೆ ಮಾತ್ರ ಇದೆ ಅಂತ ಹೆದರಬೇಡಿ, ಕೊನೇ ಪದಕ್ಕೆ ಒಂದೇ ಬಿಂದಿ.

ಗೈಡ್‌ನ ಉತ್ತರಕ್ಕೂ ನಿಮ್ಮ ಡಿಕ್ಷನರಿಗೂ ಹೊಂದಲಿಲ್ಲ ಅಂದ್ರೆ ಡಿಕ್ಷನರಿ ಕಡೆ ನಿಲ್ಲಿ. ಗೈಡ್‌ಗಳಲ್ಲಿ ಬಿಂದಿ ಬಿಟ್ಟು ಹೋಗೋದು, ಕಾ-ಕೀ ಅದಲುಬದಲು ಆಗೋದು ಎಷ್ಟೋ ಸಲ ನೋಡಿದೀನಿ, ಅದನ್ನ ನೋಡಿ ಕಾಪಿ ಮಾಡಿದ ಇಡೀ ಕ್ಲಾಸು ಒಂದೇ ತಪ್ಪು ಬರ್ಕೊಂಡು ಬಂದಿರತ್ತೆ.